ಐದು ನಿಮಿಷದಲ್ಲಿ ಹಿಡಿಸದ ಚಿಕ್ಕಪ್ಪ

ಕಿರುಚಿತ್ರ ಸ್ಪರ್ಧೆಯ ನಿಯಮ ಒಂದೇ ಸಾಲಿನಲ್ಲಿತ್ತು. ಟೈಟಲ್ಲು, ಕೊನೆಯಲ್ಲಿ ಬರುವ ಹೆಸರುಗಳು ಎಲ್ಲ ಸೇರಿ ಐದು ನಿಮಿಷ, ಅದನ್ನು ಮೀರಿದ ವಿಡಿಯೋ ಪರಿಗಣಿಸುವುದಿಲ್ಲ. ನಾನು ಶೂಟಿಂಗ್ ಮಾಡುವ ಮೊದಲೇ ಇದನ್ನು ಓದಿದ್ದೆ. ಐದು ನಿಮಿಷ ಅಂದರೆ ಸಾಕಷ್ಟಾಯಿತಲ್ಲ, ತುಂಬಿಸೋದೇ ಕಷ್ಟ ಅಂದುಕೊಂಡಿದ್ದೆ ಬೇರೆ.

ಎಲ್ಲ ಶಾಟುಗಳನ್ನೂ ಸಾಲಾಗಿ ಜೋಡಿಸಿ ನೋಡಿದಾಗ 9 ನಿಮಿಷ 12 ಸೆಕೆಂಡು ಆಯಿತು.

ಕಥೆ ಚಿಕ್ಕದು. ಒಂಟಿ ಮುದುಕ ಒಬ್ಬ ಪ್ರತಿ ವಾರ ತನ್ನ ರೇಡಿಯೋ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋಗುತ್ತಾನೆ. ರೇಡಿಯೋಗೆ ಏನೂ ಆಗಿರುವುದಿಲ್ಲ. ಅವನಿಗೆ ಬೇಕಾಗಿರುವುದು ಮಾತಾಡುವ ಒಂದು ಜನ. ಒಂದು ದಿನ ರಿಪೇರಿಯವನು ರೇಡಿಯೋ ಗುಂಡಿ ತಿರುಗಿಸುತ್ತಾನೆ, ಅದು ಸೊಗಸಾಗಿ ಹಾಡುತ್ತದೆ. ಅವನು ಸುಮ್ಮನೆ ಅದನ್ನು ಆರಿಸುತ್ತಾನೆ, ಮುದುಕನ ಮುಖ ನೋಡುತ್ತಾನೆ, ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡು ‘ಸ್ವಲ್ಪ ಹೊತ್ತಾಗತ್ತೆ, ಕೂತ್ಕೊಳ್ಳಿ’ ಅನ್ನುತ್ತಾನೆ. ಅಷ್ಟೇ. ಆರಿಸುವುದಕ್ಕೂ ಈ ಮಾತಿಗೂ ನಡುವೆ 11 ಸೆಕೆಂಡು ಮೌನ ಇದೆ.

ಮೊದಲು ನನಗೆ ಹೊಳೆದ ಉಪಾಯ ಎಲ್ಲ ಸೋಮಾರಿಗಳಿಗೂ ಹೊಳೆಯುವಂಥದ್ದು: ವಿಡಿಯೋದ ವೇಗ ಹೆಚ್ಚಿಸುವುದು. 9:12ನ್ನು ಐದಕ್ಕೆ ಇಳಿಸಬೇಕಾದರೆ 1.84 ಪಟ್ಟು ವೇಗ ಬೇಕು. ಹಾಕಿ ನೋಡಿದೆ. ಮುದುಕರು ಅರ್ಜೆಂಟಾಗಿ ಶೌಚಾಲಯ ಹುಡುಕಿಕೊಂಡು ರೇಡಿಯೋ ಸಮೇತ ಓಡುತ್ತಿದ್ದರು.

ಎರಡನೆಯ ಉಪಾಯ ಸ್ವಲ್ಪ ಬುದ್ಧಿವಂತರದ್ದು, ಅದಕ್ಕೇ ಜಾಸ್ತಿ ಅಪಾಯದ್ದು. ಏನನ್ನೂ ತೆಗೆಯದೆ ಪ್ರತಿ ಶಾಟಿನ ತುದಿಯಲ್ಲಿ ಚೂರು ಚೂರು ಕೆರೆಯುವುದು. ಯಾರಿಗೂ ನೋವಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ನನ್ನಲ್ಲಿ 84 ಕಟ್ ಇದ್ದವು, ಒಂದೊಂದರಿಂದ ಆರಾರು ಫ್ರೇಮ್, ಅಂದರೆ ಕಾಲು ಸೆಕೆಂಡು, ತೆಗೆದೆ. ಒಂದು ಸಂಜೆ ಪೂರ್ತಿ ಕೂತು, ಕಣ್ಣು ಕೆಂಪಾಗಿಸಿಕೊಂಡು ಉಳಿಸಿದ್ದು 21 ಸೆಕೆಂಡು. 8:51. ಅದೂ ಹೋಗಲಿ ಅಂದರೆ, ನೋಡಿದಾಗ ವಿಡಿಯೋಗೆ ದಮ್ಮು ಹತ್ತಿದಂತಿತ್ತು. ಒಬ್ಬರು ಪ್ರಶ್ನೆ ಕೇಳಿ ಬಾಯಿ ಮುಚ್ಚುವ ಮೊದಲೇ ಇನ್ನೊಬ್ಬರು ಉತ್ತರ ಕೊಡುತ್ತಿದ್ದರು, ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಒಳಗಿರುತ್ತಿದ್ದರು. ಉದ್ದ ಕಮ್ಮಿ ಆಗಿರಲಿಲ್ಲ, ಉಸಿರಾಡುವ ಜಾಗ ಮಾತ್ರ ಹೋಗಿತ್ತು. ಎಲ್ಲ ವಾಪಸ್ ಹಾಕಿದೆ.

ಆಗ ಎಡಿಟಿಂಗ್ ಬಲ್ಲ ಗೆಳೆಯನನ್ನು ಕರೆದೆ. ಅವನು ಬಂದು ಒಂದು ಸಲ ನೋಡಿ, ‘ಲೋ, ಕೂದಲು ಕತ್ತರಿಸಿ ತೂಕ ಇಳಿಸೋಕಾಗಲ್ಲ’ ಅಂದ. ‘ಪೂರ್ತಿ ಸೀನುಗಳೇ ಹೋಗಬೇಕು. ಯಾವುದನ್ನು ಮುಟ್ಟಬಾರದು, ಅದು ಹೇಳು ಮೊದಲು.’

ನಾನು ಹನ್ನೊಂದು ಸೆಕೆಂಡಿನ ಮೌನ ತೋರಿಸಿದೆ. ಅವನು ಅದಕ್ಕೆ ಕೆಂಪು ಗುರುತು ಹಾಕಿ, ಉಳಿದದ್ದೆಲ್ಲ ಇದಕ್ಕೆ ಬಾಡಿಗೆ ಕಟ್ಟಬೇಕು ಅಂದ. ಆ ಮೌನ ಅರ್ಥವಾಗಬೇಕಾದರೆ ನೋಡುವವರಿಗೆ ಮೂರು ಸಂಗತಿ ಗೊತ್ತಿರಬೇಕು: ಮುದುಕ ಒಂಟಿ, ಅವನು ಮತ್ತೆ ಮತ್ತೆ ಬರುತ್ತಾನೆ, ರೇಡಿಯೋ ಸರಿಯಾಗೇ ಇದೆ. ಈ ಮೂರರಲ್ಲಿ ಒಂದನ್ನೂ ಹೇಳದ ಶಾಟು ಎದ್ದು ಹೋಗಬೇಕು. ಒಂದನ್ನೇ ಎರಡು ಸಲ ಹೇಳಿದರೆ ಉದ್ದದ್ದು ಹೋಗಬೇಕು.

ಇದು ಕೇಳೋಕೆ ಸುಲಭ. ಆದರೆ ಮೊದಲ ಶಾಟೇ ನನ್ನ ಸೂರ್ಯೋದಯ. ಅದಕ್ಕಾಗಿ ಮೂರು ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದೇನೆ. ಮೊದಲ ದಿನ ಮೋಡ, ಎರಡನೆಯ ದಿನ ಬ್ಯಾಟರಿ ಚಾರ್ಜ್ ಇಲ್ಲ, ಮೂರನೆಯ ದಿನ ಸೂರ್ಯನೂ ಬ್ಯಾಟರಿಯೂ ಒಟ್ಟಿಗೆ ಒದಗಿ ಬಂದವು. ಇಷ್ಟನ್ನೂ ನಾನು ಹೇಳಿದೆ. ಗೆಳೆಯ ಪರದೆ ತೋರಿಸಿ, ‘ನೀನು ನಾಲ್ಕು ಗಂಟೆಗೆ ಎದ್ದಿದ್ದು ಇದರಲ್ಲಿ ಎಲ್ಲಿ ಕಾಣ್ಸತ್ತೆ?’ ಅಂದ. ಕಾಣಿಸುತ್ತಿರಲಿಲ್ಲ. ಬರೀ ಸೂರ್ಯ ಕಾಣಿಸುತ್ತಿದ್ದ.

ಸೂರ್ಯ ಮುಳುಗಿದ. ಅವನ ಹಿಂದೆ ಅಲಾರಾಂ, ಹಲ್ಲುಜ್ಜುವುದು, ಅಂಗಿ ಗುಂಡಿ ಹಾಕುವುದು, ಖಾಲಿ ಕುರ್ಚಿಯನ್ನು ನೋಡಿ ನಿಟ್ಟುಸಿರು ಬಿಡುವುದು. ಒಟ್ಟು ಒಂದು ನಿಮಿಷ ಐವತ್ತು ಸೆಕೆಂಡು, ಎಲ್ಲವೂ ಹೇಳುತ್ತಿದ್ದುದು ‘ಇವರು ಒಂಟಿ’ ಅಂತ ಒಂದೇ ಮಾತು. ಆ ರಾಶಿಯ ಕೊನೆಯಲ್ಲಿ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಒಂದು ಶಾಟ್ ಇತ್ತು. ಮುದುಕರು ಮನೆಯ ಹೊರಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡುತ್ತಾರೆ. ನಾಲ್ಕು ಸೆಕೆಂಡು. ಹೊರಗಿಂದ ಬೀಗ ಬಿತ್ತು ಅಂದಮೇಲೆ ಒಳಗೆ ಯಾರೂ ಇಲ್ಲ ಅಲ್ವಾ? ಕುರ್ಚಿ, ನಿಟ್ಟುಸಿರು ಯಾವುದೂ ಬೇಕಾಗಿರಲಿಲ್ಲ. ಕ್ಯಾಮೆರಾ ಆಫ್ ಮಾಡಲು ಮರೆತಿದ್ದರಿಂದ ಸಿಕ್ಕಿದ್ದ ಶಾಟ್ ಅದು.

ಟೈಟಲ್ಲಿಗೆ ಬೇರೆ ಜಾಗ ಯಾಕೆ ಅಂತ ಅದನ್ನು ರಸ್ತೆಯ ಶಾಟಿನ ಮೇಲೇ ಕೂರಿಸಿದೆವು. ಕೊನೆಯ ಹೆಸರುಗಳು 52 ಸೆಕೆಂಡು ಓಡುತ್ತಿದ್ದವು. ಸ್ಟೂಲ್ ಎರವಲು ಕೊಟ್ಟವರಿಗೂ, ಆ ಸ್ಟೂಲನ್ನು ವಾಪಸ್ ಕೇಳದೆ ಸಹಕರಿಸಿದವರಿಗೂ ನಾನು ಧನ್ಯವಾದ ಹೇಳಿದ್ದೆ. ಅದು 12 ಸೆಕೆಂಡಿಗೆ ಇಳಿಯಿತು.

ಇನ್ನು ಚಿಕ್ಕಪ್ಪ.

ಚಿಕ್ಕಪ್ಪ ನನ್ನ ವಿಡಿಯೋದಲ್ಲಿ ಪಕ್ಕದ ಮನೆಯವರು. ಮುದುಕರನ್ನು ಗೇಟಿನ ಹತ್ತಿರ ಮಾತಾಡಿಸುತ್ತಾರೆ. 40 ಸೆಕೆಂಡಿನ ಸೀನು. ಅದಕ್ಕಾಗಿ ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಬಂದಿದ್ದರು, ಗೇಟಿಗೆ ಒರಗುವ ಭಂಗಿಯನ್ನು ಮನೆಯಲ್ಲಿ ಬೀರುವಿಗೆ ಒರಗಿ ಅಭ್ಯಾಸ ಮಾಡಿದ್ದರು ಅಂತ ಚಿಕ್ಕಮ್ಮ ಹೇಳಿದ್ದಳು. ಗೆಳೆಯನಿಗೆ ಬೀರೂ ಗೊತ್ತಿಲ್ಲ, ಚಿಕ್ಕಮ್ಮನೂ ಗೊತ್ತಿಲ್ಲ. ಒಂದೇ ಗುಂಡಿ ಒತ್ತಿದ, ಚಿಕ್ಕಪ್ಪ ಹೋದರು. ಉದ್ದ ಈಗ 5:44.

ರಸ್ತೆಯಲ್ಲಿ ನಡೆಯುವ 35 ಸೆಕೆಂಡನ್ನು ಮೂರಕ್ಕೆ ಇಳಿಸಿದೆವು, ಯಾಕೆಂದರೆ ಬೀಗ ಹಾಕಿದವನು ಅಂಗಡಿಯಲ್ಲಿ ಕಂಡರೆ ನಡೆದೇ ಬಂದಿರುತ್ತಾನೆ. ಉಳಿದದ್ದು ಅಂಗಡಿಯ ಮಾತುಕತೆಯಲ್ಲಿ 12 ಸೆಕೆಂಡು. ‘ನಮಸ್ಕಾರ’, ‘ಬನ್ನಿ ಬನ್ನಿ’, ‘ಚೆನ್ನಾಗಿದ್ದೀರಾ’ ಎಲ್ಲ ತೆಗೆದೆವು. ತೆಗೆದ ಕಡೆಯೆಲ್ಲ ಹೊಸ ತಲೆನೋವು ಶುರುವಾಯಿತು. ಅಂಗಡಿಯಲ್ಲಿ ಫ್ಯಾನ್ ಓಡುತ್ತಿತ್ತು. ಮಾತು ಕತ್ತರಿಸಿದ ಜಾಗದಲ್ಲಿ ಅದರ ಗುಂಯ್ ಸದ್ದು ಥಟ್ಟನೆ ನಿಂತು ಮತ್ತೆ ಹತ್ತುತ್ತಿತ್ತು, ಕಣ್ಣು ಮುಚ್ಚಿ ಕೇಳಿದರೂ ಇಲ್ಲಿ ಕತ್ತರಿ ಬಿದ್ದಿದೆ ಅಂತ ಗೊತ್ತಾಗುವಷ್ಟು. ಇದಕ್ಕೇ ಶೂಟಿಂಗ್ ಜಾಗದಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಸದ್ದು ರೆಕಾರ್ಡ್ ಮಾಡಿಕೊಂಡು ಬರಬೇಕು. ನಾನು ಮಾಡಿಕೊಂಡಿರಲಿಲ್ಲ. ಕೊನೆಗೆ ಕಾಪಾಡಿದ್ದು ಆ 11 ಸೆಕೆಂಡಿನ ಮೌನವೇ. ಅದರಲ್ಲಿ ಫ್ಯಾನ್ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಲ್ಲಿಂದ ತುಂಡು ತುಂಡು ನಕಲು ಮಾಡಿ ಎಲ್ಲ ಬಿರುಕುಗಳಿಗೂ ತೇಪೆ ಹಾಕಿದೆವು.

ಐದು ನಿಮಿಷ! ಕುಣಿದಾಡಿಕೊಂಡು ಹೋಗಿ ಅತ್ತಿಗೆಗೆ ತೋರಿಸಿದೆ. ಅವರಿಗೆ ಕಥೆ ಗೊತ್ತಿರಲಿಲ್ಲ, ಅದಕ್ಕೇ ಅವರು. ಪೂರ್ತಿ ನೋಡಿ, ‘ಚೆನ್ನಾಗಿದೆ. ಆದ್ರೆ ಆ ರಿಪೇರಿಯವನು ಮೋಸಗಾರ ಅಲ್ವಾ? ಸರಿ ಇರೋ ರೇಡಿಯೋನ ಬಿಚ್ಚಿ ದುಡ್ಡು ಕೀಳ್ತಿದ್ದಾನೆ’ ಅಂದರು.

ನನ್ನ ಕಥೆ ತಲೆಕೆಳಗಾಗಿತ್ತು. ಏನಾಯಿತು ಅಂತ ಮತ್ತೆ ಮತ್ತೆ ನೋಡಿದ ಮೇಲೆ ತಿಳಿಯಿತು. ಮುದುಕ ಪ್ರತಿ ವಾರ ಬರುತ್ತಾನೆ ಅನ್ನುವುದು ಇಡೀ ವಿಡಿಯೋದಲ್ಲಿ ಒಂದೇ ಒಂದು ಕಡೆ ಇತ್ತು. ಗೇಟಿಗೆ ಒರಗಿಕೊಂಡು ಚಿಕ್ಕಪ್ಪ ಹೇಳಿದ ಮಾತಲ್ಲಿ: ‘ಮತ್ತೆ ಕೆಟ್ಟಿತಾ? ಹೋದ ವಾರ ತಾನೇ ರಿಪೇರಿ ಮಾಡಿಸಿದ್ರಲ್ಲ!’ ಅದು ಹೋದ ಮೇಲೆ ಮುದುಕ ಮೊದಲ ಸಲ ಬಂದ ಗಿರಾಕಿ, ರಿಪೇರಿಯವನು ಕಳ್ಳ.

ಚಿಕ್ಕಪ್ಪನನ್ನು ವಾಪಸ್ ಕರೆಯಲು ಜಾಗವಿಲ್ಲ. ಬಿಡಲು ದಾರಿಯಿಲ್ಲ. ಗೆಳೆಯ ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, ಚಿಕ್ಕಪ್ಪನ ದನಿಯನ್ನು ಮಾತ್ರ ಎತ್ತಿ ಬೀಗದ ಶಾಟಿನ ಕೆಳಗೆ ಇಟ್ಟ. ಮುದುಕರು ಬೀಗ ಜಗ್ಗುತ್ತಾರೆ, ಎಲ್ಲಿಂದಲೋ ದನಿ ಕೇಳುತ್ತದೆ, ‘ಮತ್ತೆ ಕೆಟ್ಟಿತಾ?’ ಮುದುಕರು ತಿರುಗಿ ನೋಡುವುದಿಲ್ಲ, ಸುಮ್ನೆ ಇನ್ನೊಂದು ಸಲ ಬೀಗ ಜಗ್ಗುತ್ತಾರೆ. ಕೇಳಿಸಿಯೂ ಕೇಳಿಸದಂತೆ ಇದ್ದರು ಅನ್ನುವ ಹಾಗಾಯಿತು, ಅದನ್ನು ನಾವು ಶೂಟ್ ಮಾಡಿಯೇ ಇರಲಿಲ್ಲ. ಮಾತು ಹಿಡಿಸಲು ಶಾಟನ್ನು ನಾಲ್ಕರಿಂದ ಆರು ಸೆಕೆಂಡಿಗೆ ಎಳೆದೆವು, ಆ ಎರಡನ್ನು ಅಂಗಡಿಯ ಬೋರ್ಡಿನಿಂದ ವಸೂಲಿ ಮಾಡಿದೆವು. ಈ ಸಲ ಅತ್ತಿಗೆ ಕೊನೆಯಲ್ಲಿ ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು.

ಕೊನೆಯ ದಿನ, ರಾತ್ರಿ ಹನ್ನೆರಡಕ್ಕೆ ಗಡುವು. ಹನ್ನೊಂದೂವರೆಗೆ `final_final_3.mp4` ಅಪ್‌ಲೋಡ್ ಮಾಡಿದೆ. ಅವಧಿ ಮಿತಿ ಮೀರಿದೆ ಅಂತ ಬಂತು. ಎಡಿಟಿಂಗ್ ಪರದೆಯಲ್ಲಿ `00:05:00:00` ಅಂತ ಸ್ಪಷ್ಟವಾಗಿ ಕಾಣುತ್ತಿದೆ, ಒಂದು ಫ್ರೇಮೂ ಜಾಸ್ತಿ ಇಲ್ಲ. ಗೆಳೆಯನನ್ನು ನಿದ್ದೆಯಿಂದ ಎಬ್ಬಿಸಿದೆ. ‘ಯಾವ ಫ್ರೇಮ್ ರೇಟಲ್ಲಿ ಶೂಟ್ ಮಾಡಿದ್ದೆ?’ ಅಂದ. 24 ಅಂದೆ. ‘ಸರಿಯಾಗಿ ನೋಡು.’ ನೋಡಿದೆ. 23.976.

ಪರದೆಯ ಮೇಲಿನ ಆ ಗಡಿಯಾರ ಗಡಿಯಾರವೇ ಅಲ್ಲವಂತೆ. ಅದು ಫ್ರೇಮುಗಳನ್ನು ಎಣಿಸುತ್ತದೆ, 24 ಆದಕೂಡಲೇ ಒಂದು ಸೆಕೆಂಡು ಅಂತ ಬರೆದುಕೊಳ್ಳುತ್ತದೆ. ಆದರೆ ನನ್ನ ಫ್ರೇಮುಗಳು ನಿಜವಾದ ಸೆಕೆಂಡಿಗೆ 23.976ರಂತೆ, ಒಂದು ಕೂದಲೆಳೆ ನಿಧಾನವಾಗಿ ಓಡುತ್ತಿದ್ದವು. ಅದು ಐದು ನಿಮಿಷ ಅಂದ 7200 ಫ್ರೇಮ್ ಓಡಲು ನಿಜವಾಗಿ ಹಿಡಿಯುವುದು 300.3 ಸೆಕೆಂಡು. ಎಂಟು ಫ್ರೇಮ್ ತೆಗೆದರೆ ಸಾಕು, ಆದರೆ ಆಡಿಯೋ ಬಾಲ ಚೂರು ಆಚೆ ಚಾಚಿರಬಹುದು, ಅದಕ್ಕೆ ಒಂದು ಸೆಕೆಂಡೇ ತೆಗೆ ಅಂತ ಹೇಳಿ ಗೆಳೆಯ ಮಲಗಿದ.

ಒಂದು ಸೆಕೆಂಡು ಎಲ್ಲಿಂದ? ಕೈ ತಾನಾಗಿ ಹೋದದ್ದು ಆ ಮೌನದ ಮೇಲೆ. ಹನ್ನೊಂದು ಇದ್ದದ್ದು ಹತ್ತಾದರೆ ಯಾರಿಗೆ ಗೊತ್ತಾಗತ್ತೆ ಅನ್ನಿಸಿತು. ಕೆಂಪು ಗುರುತು ಕಣ್ಣಿಗೆ ಬಿತ್ತು. ಕೊನೆಗೆ ನಿರ್ದೇಶಕ ಅಂತ ನನ್ನ ಹೆಸರು ಬರುವ ಜಾಗದಿಂದ ತೆಗೆದೆ. ಈಗ ನನ್ನ ಹೆಸರು ಕಣ್ಣು ಮಿಟುಕಿಸದವರಿಗೆ ಮಾತ್ರ ಕಾಣುತ್ತದೆ. 11:52ಕ್ಕೆ ಅಪ್‌ಲೋಡ್ ಆಯಿತು.

ಚಿಕ್ಕಪ್ಪ ಮರುದಿನವೇ ನೋಡಿದರು. ಎಲ್ಲರನ್ನೂ ಕೂರಿಸಿಕೊಂಡು. ಕೊನೆಯಲ್ಲಿ ‘ಧ್ವನಿ’ ಅಂತ ತಮ್ಮ ಹೆಸರು ಬಂದದ್ದು ನೋಡಿ, ‘ಏನೋ, ಮೀಸೆ ಎಲ್ಲೋ?’ ಅಂತ ಒಂದೇ ಪ್ರಶ್ನೆ ಕೇಳಿದರು. ಫ್ರೇಮ್ ರೇಟು, ಬೀಗ, ಬಾಡಿಗೆ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ಕತ್ತರಿಸದೆ ಇರೋದನ್ನ ಕೊಡು ಅಂದರು.

9 ನಿಮಿಷ 12 ಸೆಕೆಂಡಿನದನ್ನೇ ಕೊಟ್ಟೆ. ಮನೆಗೆ ಯಾರು ಬಂದರೂ ಈಗ ಅದನ್ನೇ ಹಾಕುತ್ತಾರೆ. ಸರಿಯಾಗಿ 2:14ಕ್ಕೆ ಶುರು ಮಾಡಿ, 2:54ಕ್ಕೆ ನಿಲ್ಲಿಸುತ್ತಾರೆ.