ಹೂಂ ಅನ್ನುವ ಗುತ್ತಿಗೆ

ಒಂದು ತೊಟ್ಟಿಲನ್ನೂ ತೂಗದೆ 2,763 ಹೆಣ್ಣುಮಕ್ಕಳಿಗೆ ಪೋಷಕರಾಗುವುದು ಹೇಗೆ? ಸುಲಭ, ಹಾಸ್ಟೆಲ್ ವಾರ್ಡನ್ ಆದರೆ ಸಾಕು.

2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 10ರಿಂದ 14 ವರ್ಷದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅದಕ್ಕೆ 'ಪ್ರಾತ್ಯಕ್ಷಿಕೆ ಯೋಜನೆ' ಅಂತ ಹೆಸರು. ಪ್ರಯೋಗ ಅಂದರೆ ನಿಯಮ ಜಾಸ್ತಿ ಅಲ್ವಾ! ಅವರಲ್ಲಿ ಹಾಸ್ಟೆಲಿನಲ್ಲಿದ್ದ ಆದಿವಾಸಿ ಮಕ್ಕಳೂ ಇದ್ದರು, ಅಪ್ಪ ಅಮ್ಮ ದೂರದ ಊರಲ್ಲಿ. ಆಮೇಲೆ ಸಂಸದೀಯ ಸಮಿತಿಯ ವರದಿಯಲ್ಲಿ 9,543 ಒಪ್ಪಿಗೆ ಪತ್ರಗಳ ಲೆಕ್ಕ ಬಂತು. 1,948ರಲ್ಲಿ ಹೆಬ್ಬೆಟ್ಟು, 2,763ರಲ್ಲಿ ಹಾಸ್ಟೆಲಿನವರ ಸಹಿ. ಹೆಬ್ಬೆಟ್ಟು ತಪ್ಪಲ್ಲ ಬಿಡಿ, ಆದರೆ ಸಂಶೋಧಕರ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂತು, ಓದಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ತಾನೂ ಸಹಿ ಹಾಕಬೇಕು. ಲಸಿಕೆ ಕೆಟ್ಟದ್ದು ಅಂತಲೂ ನಾನು ಹೇಳುತ್ತಿಲ್ಲ. ಆ ಹೊತ್ತಿನಲ್ಲಿ ಕೆಲವು ಹುಡುಗಿಯರು ತೀರಿಕೊಂಡರು, ಅದಕ್ಕೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ತನಿಖೆಯೇ ಹೇಳಿತು. ನನ್ನ ಪ್ರಶ್ನೆ ಪೆನ್ನಿನದು: ಅದು ಯಾರ ಕೈಯಲ್ಲಿತ್ತು?

ಈಗ ಮನುಷ್ಯರ ಮೇಲಿನ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಅಪ್ಪ ಅಮ್ಮನ ಸಹಿ ಒಂದೇ ಸಾಲದು. 7ರಿಂದ 12 ವರ್ಷದ ಮಗು ಬಾಯಲ್ಲಿ ಹೂಂ ಅನ್ನಬೇಕು, ಅದಕ್ಕಿಂತ ದೊಡ್ಡದಾದರೆ ಬರೆದು ಕೊಡಬೇಕು. ಮಗು ಬೇಡ ಅಂದರೆ ಅದಕ್ಕೂ ಬೆಲೆ ಕೊಡಬೇಕು. ಚೆನ್ನಾಗಿದೆ. ಆದರೆ ಕ್ಲಾಸಿನಲ್ಲಿ ಟೀಚರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು "ಪುಟ್ಟಿ, ಸೇರ್ತೀಯಾ ತಾನೇ?" ಅಂತ ಕೇಳಿದರೆ, ಮಗ್ಗಿಯನ್ನೇ ಬೇಡ ಅನ್ನಲಾಗದ ಮಗು ಇದನ್ನು ಹೇಗೆ ಬೇಡ ಅಂದೀತು? ಸುಮ್ಮನೆ ತಲೆ ತಗ್ಗಿಸಿದ್ದಕ್ಕೂ ಫಾರಮ್ಮಿನಲ್ಲಿ 'ಒಪ್ಪಿದೆ' ಅಂತ ಟಿಕ್ ಬೀಳುತ್ತದೆ.

ಇನ್ನು ಅಜ್ಜಿ. ಆಕೆಯ ಕಷ್ಟ ಉಲ್ಟಾ, ಎಷ್ಟೋ ಔಷಧಿ ಪ್ರಯೋಗಗಳಿಗೆ ಆಕೆಯನ್ನು ಸೇರಿಸಿಕೊಳ್ಳುವುದೇ ಇಲ್ಲ. ಎಪ್ಪತ್ತೈದು ದಾಟಿರಬಾರದು, ಕಿಡ್ನಿ ಸರಿಯಿರಬೇಕು, ಬೇರೆ ಮಾತ್ರೆ ನುಂಗುತ್ತಿರಬಾರದು, ತಾನೇ ನಡೆದು ಬರಬೇಕು. ಅಂದರೆ ಮುದುಕರ ಕಾಯಿಲೆಯ ಔಷಧಿಗೆ ಮುದುಕಿಯಲ್ಲದ ಮುದುಕಿ ಬೇಕು. ಗಟ್ಟಿಮುಟ್ಟಾದವರ ಮೇಲೆ ನೋಡಿದ ಡೋಸು ಕೊನೆಗೆ ಬರುವುದು ಮೂವತ್ತೆಂಟು ಕೆಜಿಯ ಇದೇ ಅಜ್ಜಿಗೆ. ತಲೆ ಸುತ್ತಿ ಬಿದ್ದರೆ "ವಯಸ್ಸಾಯ್ತಲ್ಲ" ಅಂತಾರೆ.

ಅಪ್ಪಿತಪ್ಪಿ ಸೇರಿಸಿಕೊಂಡರೋ, ಡಾಕ್ಟರು ಮಾತಾಡುವುದು ಮಗನ ಹತ್ತಿರ. ವಯಸ್ಸಾದ ಮಾತ್ರಕ್ಕೆ ಬುದ್ಧಿ ಹೋಗಿದೆ ಅಂತ ಅರ್ಥವಲ್ಲ. ವಿವರಿಸಿದ್ದನ್ನು ಆಕೆಯ ಮಾತಿನಲ್ಲೇ ತಿರುಗಿ ಹೇಳಿಸಬೇಕು, ಅರ್ಥವೇ ಆಗದಿದ್ದರೆ ಮಾತ್ರ ಮಗನ ಸರದಿ. ಆದರೆ ಅಷ್ಟು ಪುರುಸೊತ್ತು ಯಾರಿಗಿದೆ? ಮಗ ಆಗಲೇ ಪೆನ್ನು ತೆಗೆದಿರುತ್ತಾನೆ.

"ಮಧ್ಯದಲ್ಲಿ ಬೇಡ ಅನ್ನಿಸಿದ್ರೆ ಬಿಟ್ಟುಬಿಡಬಹುದೇನಪ್ಪಾ?" ಅಂತ ಅಜ್ಜಿ ಕೇಳುತ್ತಾಳೆ. ಆ ಫಾರಮ್ಮಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಅದು, ಇಡೀ ಕೋಣೆಯಲ್ಲಿ ಕೇಳಿದವಳು ಅವಳೊಬ್ಬಳೇ.

"ಅಮ್ಮನಿಗೆ ಸ್ವಲ್ಪ ಅರಳುಮರಳು ಸಾರ್," ಅನ್ನುತ್ತಾ ಮಗ ಸಹಿ ಹಾಕುತ್ತಾನೆ.