‘ಡಾಕ್ಟರೇ ಆಗ್ತೀನಿ’ ಎನ್ನುವ ಹುಡುಗನ ಬಗ್ಗೆಯೇ ನನಗೆ ಹೆಚ್ಚು ಚಿಂತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ದಾವಣಗೆರೆಯಿಂದ ನಾನಿರುವ ಐರ್ಲೆಂಡಿನ ಡಬ್ಲಿನ್‌ಗೆ ಬರುವ ಫೋನುಗಳಲ್ಲಿ ಎರಡು ಬಗೆಯ ಮಕ್ಕಳ ಸುದ್ದಿ ಇರುತ್ತದೆ. ಒಬ್ಬ ಚಿಕ್ಕಂದಿನಿಂದಲೂ ಡಾಕ್ಟರ್ ಆಗುತ್ತೇನೆ ಎನ್ನುತ್ತಾ ಬಂದವನು. ಇನ್ನೊಬ್ಬಳು ಹೋದ ತಿಂಗಳು ಲಾ ಎಂದಿದ್ದಳು, ಈಗ ಡಿಸೈನ್ ಎನ್ನುತ್ತಿದ್ದಾಳೆ. ಮನೆಯವರಿಗೆ ಎರಡನೆಯವಳದೇ ಚಿಂತೆ. ನನಗೆ ಮೊದಲನೆಯವನದು.

ಹದಿಹರೆಯದ ಮುಖ್ಯ ಕೆಲಸವೇ ‘ನಾನು ಯಾರು, ಏನಾಗಬೇಕು’ ಎಂಬುದನ್ನು ಕಂಡುಕೊಳ್ಳುವುದು, ಅದು ಕೈಗೂಡದಿದ್ದರೆ ಪಾತ್ರಗಳ ಗೊಂದಲ ಉಳಿಯುತ್ತದೆ ಎಂದು ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲಿ ಬರೆದರು. ಆ ಹುಡುಕಾಟಕ್ಕೆ ಸಮಾಜ ಒಂದಷ್ಟು ಬಿಡುವು ಕೊಡಬೇಕು ಎಂಬುದು ಅವರ ವಾದ. ಸ್ವತಃ ಅವರೇ ಶಾಲೆ ಮುಗಿಸಿ, ಚಿತ್ರ ಬರೆಯುತ್ತಾ ಯುರೋಪ್ ಸುತ್ತಿ, ಆಮೇಲೆ ವಿಯೆನ್ನಾದಲ್ಲಿ ತಮ್ಮ ದಾರಿ ಕಂಡುಕೊಂಡವರು.

ಇದನ್ನು ಅಳೆಯುವ ದಾರಿ ತೋರಿಸಿದವರು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ, 1966ರಲ್ಲಿ. ಕಾಲೇಜು ಹುಡುಗರಿಗೆ ಅವರು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಇಷ್ಟ: ಇದಕ್ಕಿಂತ ಒಳ್ಳೆಯದು ಸಿಕ್ಕರೆ ಈ ವೃತ್ತಿಯನ್ನು ಬಿಡೋಕೆ ಎಷ್ಟರ ಮಟ್ಟಿಗೆ ತಯಾರಿದ್ದೀಯ? ಯಾವುದರ ಗೋಜಿಗೂ ಹೋಗದವನು ‘ಓಹೋ, ಬಿಡ್ತೀನಿ’ ಎನ್ನುತ್ತಾನೆ. ಹುಡುಕಾಟದಲ್ಲಿ ಇರುವವನು ತಡವರಿಸುತ್ತಾನೆ. ಹುಡುಕಿ ಆರಿಸಿಕೊಂಡವನು ‘ಬಿಡಬಹುದೇನೋ, ಆದರೆ ಇದಕ್ಕಿಂತ ಒಳ್ಳೆಯದು ನನಗೆ ಕಾಣ್ತಿಲ್ಲ’ ಎನ್ನುತ್ತಾನೆ. ನಾಲ್ಕನೆಯವನು ಹುಡುಕದೆಯೇ ಒಪ್ಪಿಕೊಂಡವನು: ‘ಬಿಡಲ್ಲ, ಮೊದಲಿಂದಲೂ ಇದೇ ಆಸೆ, ಮನೆಯವರಿಗೂ ಖುಷಿ.’ ನೆಮ್ಮದಿಯಿಂದ ಇರುವವನು ಈ ನಾಲ್ಕನೆಯವನು. ಹೆಚ್ಚು ಆತಂಕ ಹುಡುಕುತ್ತಿರುವವನದು. ಹಾಗಾಗಿಯೇ ನಮ್ಮ ಕಣ್ಣಿಗೆ ಇಬ್ಬರೂ ತಿರುವುಮುರುವಾಗಿ ಕಾಣುತ್ತಾರೆ.

ನನ್ನ ಅಕ್ಕನ ಮಗ ಹತ್ತನೇ ಕ್ಲಾಸು ಮುಗಿಸಿದಾಗ ಇದನ್ನೇ ಕೇಳಿದೆ. “ಬೇರೆ ಏನೂ ಯೋಚನೆ ಮಾಡಿಲ್ಲ ಮಾಮ. ಪಿಸಿಎಂಬಿ ತಗೊಂಡ್ರೆ ಎರಡೂ ಕಡೆ ದಾರಿ ಇರುತ್ತೆ ಅಂತಾರೆ ಅಪ್ಪ” ಎಂದ. ಭಾವನ ಲೆಕ್ಕ ತಪ್ಪಲ್ಲ. ನೀಟ್‌ಗೆ ಜೀವಶಾಸ್ತ್ರ ಬೇಕು, ಇಂಜಿನಿಯರಿಂಗ್‌ಗೆ ಗಣಿತ ಬೇಕು. ಸೈನ್ಸ್ ಓದಿದವರು ಮುಂದೆ ಬಿಕಾಂಗೂ ಹೋಗಬಹುದು, ಆರ್ಟ್ಸ್ ಓದಿದವರು ಇಂಜಿನಿಯರಿಂಗ್‌ಗೆ ಬರಲಾರರು. ಆದರೆ ದಾರಿ ಇದ್ದರೆ ಸಾಲದು, ಹೋಗಿ ನೋಡಲು ಹೊತ್ತೂ ಬೇಕು. ಬೆಳಿಗ್ಗೆ ಕಾಲೇಜು, ಸಂಜೆ ಕೋಚಿಂಗ್, ಭಾನುವಾರ ಟೆಸ್ಟ್. ಎರಡು ವರ್ಷದಲ್ಲಿ ಒಂದು ದಿನವೂ ಅವನು ಆಸ್ಪತ್ರೆಯ ಕೆಲಸ ಹೇಗಿರುತ್ತದೆಂದು ನೋಡಲಿಲ್ಲ. ನೀಟ್‌ನಲ್ಲಿ ಸೀಟಿಗೆ ಬೇಕಾದ ರ‍್ಯಾಂಕ್ ಬರಲಿಲ್ಲ, ಲಾಂಗ್ ಟರ್ಮ್ ಹೋದ, ಮತ್ತೆ ಬರಲಿಲ್ಲ. ಸೀಟು ಹೋದದ್ದಕ್ಕಿಂತ ‘ಹಾಗಾದ್ರೆ ನಾನು ಏನು?’ ಎಂಬುದಕ್ಕೆ ಅವನ ಬಳಿ ಉತ್ತರವೇ ಇರಲಿಲ್ಲ ಎನ್ನುವುದು ನನ್ನನ್ನು ಹೆಚ್ಚು ಕಾಡಿತು. ಹದಿನಾರಕ್ಕೆ ಬರಬೇಕಿದ್ದ ಗೊಂದಲ ಹತ್ತೊಂಬತ್ತಕ್ಕೆ, ಸೋಲಿನ ಜೊತೆಗೇ ಬಂತು.

ಐರ್ಲೆಂಡಿನಲ್ಲಿ ಹದಿನೈದು–ಹದಿನಾರರ ಹೊತ್ತಿಗೆ ಟ್ರಾನ್ಸಿಷನ್ ಇಯರ್ ಎಂಬ ಒಂದು ವರ್ಷ ಇದೆ. 1974ರಲ್ಲಿ ಶುರುವಾಯಿತು. ಬೋರ್ಡ್ ಪರೀಕ್ಷೆ ಇಲ್ಲ. ಹಲವು ವಿಷಯಗಳನ್ನು ಸ್ವಲ್ಪ ಸ್ವಲ್ಪ ಓದಿ ನೋಡುವುದು, ಒಂದೆರಡು ವಾರ ನಿಜವಾದ ಕೆಲಸದ ಜಾಗದಲ್ಲಿ ಇರುವುದು. ನನ್ನ ಮಗಳಿಗೆ ಪಶುವೈದ್ಯೆ ಆಗಬೇಕೆಂದಿತ್ತು. ಕ್ಲಿನಿಕ್ಕಿನಲ್ಲಿ ಒಂದು ವಾರ ಕಳೆದು ಬಂದವಳು, ಗೂಡು ತೊಳೆಯುವುದು ಪರವಾಗಿಲ್ಲ, ಪ್ರಾಣಿ ಸಾಕಿದವರು ಬಿಲ್ ಕಟ್ಟಲಾಗದೆ ಅಳುವಾಗ ಅವರ ಎದುರು ನಿಲ್ಲುವುದು ತನ್ನಿಂದಾಗದು, ಆದರೆ ಎಕ್ಸ್-ರೇ ನೋಡಿ ಎಲುಬು ಎಲ್ಲಿ ಮುರಿದಿದೆ ಎಂದು ಹುಡುಕುವುದು ಬಹಳ ಹಿಡಿಸಿತು ಎಂದಳು. ಅಲ್ಲಿಂದಲೇ ಭೌತಶಾಸ್ತ್ರ ಆರಿಸಿಕೊಂಡಳು, ಇತಿಹಾಸವನ್ನೂ ಬಿಡಲಿಲ್ಲ. ಅಲ್ಲಿ ಸ್ಟ್ರೀಮ್ ಎಂಬ ಗೋಡೆಯಿಲ್ಲ, ಶಾಲೆಯ ವೇಳಾಪಟ್ಟಿ ಒಪ್ಪಿದರೆ ಎರಡೂ ಸೇರುತ್ತವೆ. ಕಾಲೇಜಿಗೆ ಅರ್ಜಿ ಹಾಕಿದ ಮೇಲೂ ಜುಲೈ 1ರವರೆಗೆ ಕೋರ್ಸ್‌ಗಳ ಪಟ್ಟಿಯನ್ನು ಬದಲಿಸಬಹುದು.

ಒಳ್ಳೆಯ ಕೆಲಸದ ಜಾಗ ಸಿಗುವುದು ಅಲ್ಲಿಯೂ ಅಪ್ಪ-ಅಮ್ಮನ ಪರಿಚಯದ ಮೇಲೆ ನಿಂತಿದೆ. ಶಾಲೆಗೆ ಕಟ್ಟುವ ಹಣ ಕೆಲವು ಮನೆಗಳಿಗೆ ಭಾರ. ವರ್ಷವಿಡೀ ಸುಮ್ಮನೆ ಕಳೆದು ಓದಿನ ಅಭ್ಯಾಸ ಕಳೆದುಕೊಳ್ಳುವ ಮಕ್ಕಳೂ ಇದ್ದಾರೆ. ಹುಡುಕುವವರನ್ನೂ ತೇಲುವವರನ್ನೂ ಬೇರೆ ಮಾಡಿ ಗುರುತಿಸಲು ಒಂದು ದಾರಿ ಇದೆ: ಹುಡುಕುವವಳಿಗೆ ಯಾವುದು ಏಕೆ ಬೇಡವಾಯಿತು ಎಂದು ಹೇಳಲು ಬರುತ್ತದೆ. ತೇಲುವವರು ‘ಯಾವುದಾದ್ರೂ ಆಯ್ತು’ ಎನ್ನುತ್ತಾರೆ. ಲಾ ಬಿಟ್ಟು ಡಿಸೈನ್ ಎಂದವಳನ್ನು ಬೈಯುವ ಮೊದಲು ಇದನ್ನಾದರೂ ಕೇಳಿ.

ಕರ್ನಾಟಕದಲ್ಲಿ ಇಡೀ ವರ್ಷ ಕೊಡಿ ಎಂದರೆ ಯಾವ ಮನೆಯೂ ಒಪ್ಪದು, ಗೊತ್ತು. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಪಿಯು ಕಾಲೇಜು ಶುರುವಾಗುವ ನಡುವೆ ಕೆಲವು ವಾರಗಳಿವೆ. ಆ ವಾರಗಳನ್ನೂ ಈಗ ಬ್ರಿಡ್ಜ್ ಕೋರ್ಸ್ ನುಂಗುತ್ತಿದೆ. ಅದರಲ್ಲಿ ಒಂದು ವಾರ ಮಗನನ್ನು ಪರಿಚಯದ ಲ್ಯಾಬಿಗೋ ಆಡಿಟರ್ ಆಫೀಸಿಗೋ ವಕೀಲರ ಬಳಿಗೋ ಕಳಿಸಿ. ಸಂಜೆ ಬಂದಾಗ ‘ಏನು ಹಿಡಿಸಲಿಲ್ಲ?’ ಎಂದು ಕೇಳಿ, ಅಪ್ಲಿಕೇಶನ್ ಆಮೇಲೆ ತುಂಬಿ.