‘ಕಾಯಿನ್’ ಅಂತ ಬರೆಯೋ ಮುಂಚೆ ಅಂಚು ನೋಡ್ರಿ

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಹದಿನೆಂಟು ವರ್ಷ ಆಯ್ತು. ಹಾವೇರಿ, ಗದಗ ಕಡೆಯಿಂದ ರಾತ್ರಿ ಹೊತ್ತಿನಲ್ಲಿ ಮಗುವನ್ನು ಎತ್ತಿಕೊಂಡು ಓಡಿಬರುವವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: "ರೂಪಾಯಿ ನುಂಗ್ಯಾನ್ರೀ." ಆ ಮಾತನ್ನು ಕೇಳಿದ ನಾವು ಚೀಟಿಯ ಮೇಲೆ ‘ಕಾಯಿನ್’ ಅಂತ ಬರೆದುಬಿಡುತ್ತೇವೆ. ಫಿಲ್ಮ್‌ನಲ್ಲಿ ಗುಂಡನೆಯ ಬಿಳಿ ಬಿಲ್ಲೆ ಕಂಡರೆ ಮುಗಿಯಿತು, ಎಲ್ಲರ ಕಣ್ಣಿಗೂ ಅದು ಕಾಯಿನ್ನೇ. ನನ್ನ ತಕರಾರು ಇರುವುದು ಈ ಒಂದು ಪದದ ಮೇಲೆ, ಯಾಕಂದರೆ ರಿಮೋಟ್‌ಗೆ ಹಾಕುವ ಚಪ್ಪಟೆ ಬಟನ್ ಸೆಲ್ಲೂ ಫಿಲ್ಮ್‌ನಲ್ಲಿ ಹಾಗೇ ಕಾಣುತ್ತದೆ.

ಕೆಲವು ವರ್ಷಗಳ ಹಿಂದೆ ಶಿಗ್ಗಾಂವಿ ಕಡೆಯ ಹಳ್ಳಿಯಿಂದ ಎರಡು ವರ್ಷದ ಹುಡುಗನನ್ನು ಕರೆತಂದರು. ಸಂಜೆ ಐದರ ಸುಮಾರಿಗೆ ಅಜ್ಜನ ಅಂಗಿ ಕಿಸೆಯಲ್ಲಿ ಕೈಹಾಕಿ ಏನೋ ಬಾಯಿಗಿಟ್ಟುಕೊಂಡಿದ್ದಾನೆ. ಅಜ್ಜನ ಕಿಸೆಯಲ್ಲಿ ಇರುವುದು ಚಿಲ್ಲರೆ ತಾನೇ. ಏಳು ಗಂಟೆಗೆ ಬೇರೆಲ್ಲೋ ಎದೆಯ ಎಕ್ಸ್‌ರೇ ತೆಗೆಸಿದ್ದಾರೆ, ಮುಂದಿನಿಂದ ಒಂದೇ ಫಿಲ್ಮ್. "ಕಾಯಿನ್ ಐತಿ, ಬೆಳಿಗ್ಗೆ ಮತ್ತ ನೋಡೋಣ, ಬಾಳೆಹಣ್ಣು ತಿನ್ನಸ್ರಿ" ಅಂತ ಹೇಳಿ ಕಳಿಸಿದ್ದಾರೆ. ಮಗು ಜೊಲ್ಲು ಸುರಿಸೋದು ನಿಲ್ಲಿಸಲಿಲ್ಲ, ಹಾಲು ಒಳಗೆ ಹೋಗಲಿಲ್ಲ. ಹಾಗಾಗಿ ರಾತ್ರಿ ಹತ್ತೂವರೆಗೆ ನಮ್ಮ ಬಾಗಿಲಿಗೆ ಬಂದರು.

ತಂದೆ ಮೊಬೈಲ್‌ನಲ್ಲಿ ಹಳೆಯ ಫಿಲ್ಮ್‌ನ ಫೋಟೋ ತೋರಿಸಿದರು. ವಾಟ್ಸಾಪ್‌ನಲ್ಲಿ ಬಂದಿದ್ದ ಫೋಟೋ. ಕುತ್ತಿಗೆಯ ಬುಡದಲ್ಲಿ, ಎದೆಮೂಳೆಯ ಮೇಲ್ತುದಿಯ ಹತ್ತಿರ, ಅನ್ನನಾಳ ಇಕ್ಕಟ್ಟಾಗುವ ಜಾಗದಲ್ಲಿ ಸುಣ್ಣ ಬಳಿದಂತೆ ಒಂದು ಬಿಳಿ ವೃತ್ತ. ಆ ಫೋಟೋ ನೋಡಿ ಅದು ರೂಪಾಯಿಯೋ ಬಟನ್ ಸೆಲ್ಲೋ ಅಂತ ಯಾರಿಂದಲೂ ಹೇಳಲಾಗುತ್ತಿರಲಿಲ್ಲ. ಅಳತೆಯಿಂದಲೂ ಹೇಳಲಾಗದು. 2019ರಿಂದ ಬಂದ ಹೊಸ ಒಂದು ರೂಪಾಯಿಯ ಅಡ್ಡಳತೆ 20 ಮಿಲಿಮೀಟರ್. ಕಾರಿನ ರಿಮೋಟ್, ತೂಕದ ಮಶೀನು, ಜಾತ್ರೆಯಲ್ಲಿ ಸಿಗುವ ಮಿಣಮಿಣ ಲೈಟಿನ ಆಟಿಗೆಗಳಲ್ಲಿ ಹಾಕುವ CR2032 ಸೆಲ್ಲಿನದೂ 20 ಮಿಲಿಮೀಟರೇ.

ನಾನು ಮತ್ತೆ ಎರಡು ಫಿಲ್ಮ್ ತೆಗೆದೆ, ಮುಂದಿನಿಂದ ಒಂದು, ಮಗ್ಗುಲಿನಿಂದ ಒಂದು. ಮುಂದಿನದನ್ನು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ, ಬಿಳಿ ಕಡಿಮೆಯಾಗುವ ಹಾಗೆ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಎಳೆದಾಡಿದೆ. ಅಲ್ಲಿಯವರೆಗೂ ಒಂದೇ ಬಿಳಿ ಮಚ್ಚೆಯಂತಿದ್ದ ಬಿಲ್ಲೆಯ ಒಳಗೆ, ಅಂಚಿನಿಂದ ಒಂದೆಳೆ ಬಿಟ್ಟು, ಅಂಚಿನ ಗುಂಟವೇ ಇನ್ನೊಂದು ಸುತ್ತು ಎದ್ದು ಬಂತು. ದೊಡ್ಡ ತಾಟಿನೊಳಗೆ ಸ್ವಲ್ಪ ಸಣ್ಣ ತಾಟು ಇಟ್ಟು ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೋ ಹಾಗೆ.

ಆ ಎರಡನೇ ಸುತ್ತು ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಮರೆಯೋದು ಕಷ್ಟ. ರೂಪಾಯಿ ಅಂದರೆ ಒಂದೇ ಲೋಹದ ತುಂಡು, ನಡುವಿನಿಂದ ಅಂಚಿನವರೆಗೆ ಒಂದೇ ಬಿಳಿ. ಬಟನ್ ಸೆಲ್ ಎರಡು ಲೋಹದ ತಟ್ಟೆಗಳ ಡಬ್ಬಿ. ಅಗಲವಾದ ಡಬ್ಬಿ ಪ್ಲಸ್, ಅದರೊಳಗೆ ಕೂತ ಸಣ್ಣ ಮುಚ್ಚಳ ಮೈನಸ್. ಎರಡೂ ಒಂದಕ್ಕೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ ಬಳೆ. ಎಕ್ಸ್‌ರೇ ಲೋಹದ ಮುಂದೆ ನಿಂತುಬಿಡುತ್ತದೆ, ಪ್ಲಾಸ್ಟಿಕ್‌ನಲ್ಲಿ ನುಸುಳಿಹೋಗುತ್ತದೆ. ಆ ನುಸುಳಿದ ಜಾಗವೇ ಮಸುಕಾದ ಗೆರೆ.

ಮಗ್ಗುಲಿನ ಫಿಲ್ಮ್ ಇನ್ನೂ ಸ್ಪಷ್ಟ ಇತ್ತು. ಅನ್ನನಾಳ ಹಿಂದೆ ಮುಂದೆ ಚಪ್ಪಟೆ ಇರುವುದರಿಂದ ಬಿಲ್ಲೆ ಸಾಮಾನ್ಯವಾಗಿ ಮುಖ ಮುಂದೆ ಮಾಡಿಯೇ ಕೂರುತ್ತದೆ, ಮಗ್ಗುಲಿನಿಂದ ನೋಡಿದಾಗ ಅದರ ಅಂಚು ಸಿಗುತ್ತದೆ. ರೂಪಾಯಿಯಾದರೆ ಒಂದು ಸಣ್ಣ ಕಡ್ಡಿ, ಎರಡೂ ಮೈ ಸಮಸಮ. ಇಲ್ಲಿ ಹಿಂದಿನ ಮೈ ಅಗಲ, ಮುಂದಿನ ಮೈ ಗಿಡ್ಡ, ನಡುವೆ ಮೆಟ್ಟಿಲಿನಂತೆ ಒಂದು ಇಳಿತ. ಗಿಡ್ಡ ಮೈ ಅಂದರೆ ಮೈನಸ್, ಅದು ಶ್ವಾಸನಾಳದ ಕಡೆಗೆ ಮುಖ ಮಾಡಿತ್ತು. ಹೆಚ್ಚು ಸುಡುವುದು ಆ ಮೈಯೇ.

ಸುಡುವುದು ಅಂದರೆ ಸೆಲ್ ಒಡೆದು ಸೋರುವುದಲ್ಲ, ಇದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. ಒದ್ದೆ ಮಾಂಸಕ್ಕೆ ಎರಡೂ ಕಡೆ ತಾಗಿದ ತಕ್ಷಣ ಕರೆಂಟ್ ಹರಿಯುತ್ತದೆ. ಮೈನಸ್ ಕಡೆ ಆ ಜಾಗದ ನೀರಿನಿಂದಲೇ ಕಾಸ್ಟಿಕ್ ಸೋಡಾದಂಥ ಕ್ಷಾರ ಹುಟ್ಟಿ ಮಾಂಸವನ್ನು ಕರಗಿಸುತ್ತದೆ. ಎರಡು ಗಂಟೆಯೊಳಗೇ ಭಾರೀ ಗಾಯ ಆಗಬಹುದು. ಹೊಸ ಸೆಲ್ 3 ವೋಲ್ಟ್. ರಿಮೋಟ್ ನಡೆಸಲಾರದ ‘ಸತ್ತ’ ಸೆಲ್‌ನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಅದಕ್ಕೇ ಆ ಪದದ ಬಗ್ಗೆ ನನಗೆ ಇಷ್ಟು ಸಿಟ್ಟು. ರೂಪಾಯಿ ಸಿಕ್ಕಿಕೊಂಡು ಮಗು ಆರಾಮ ಉಸಿರಾಡುತ್ತಾ ಜೊಲ್ಲು ನುಂಗುತ್ತಿದ್ದರೆ ಡಾಕ್ಟರು ಕೆಲವು ಗಂಟೆ ಕಾಯಬಹುದು, ಎಷ್ಟೋ ಸಲ ಅದು ತಾನೇ ಕೆಳಗಿಳಿಯುತ್ತದೆ. ಸೆಲ್ಲಿಗೆ ಆ ಸವಡು ಇಲ್ಲ. ಚೀಟಿಯಲ್ಲಿ ‘ಕಾಯಿನ್’ ಅಂತ ಬಿದ್ದರೆ ಮುಂದಿನವರೆಲ್ಲ ಕಾಯಿನ್ನಿನ ಹಾದಿಯಲ್ಲೇ ನಡೆಯುತ್ತಾರೆ.

ಡ್ಯೂಟಿ ಡಾಕ್ಟರಿಗೆ ಫೋನ್ ಹಚ್ಚಿ "ಸರ್, ಇದು ರೂಪಾಯಿ ಅಲ್ರೀ" ಅಂದೆ. ಮಗುವಿನ ಅವ್ವ ಅಲ್ಲೇ ನಿಂತಿದ್ದರು. "ಯಪ್ಪಾ, ಮತ್ತೇನೈತ್ರೀ ಅದು?" ಅಂತ ಕೇಳಿದರು. ಕಾರಿನ ಕೀಲಿಯ ಸೆಲ್ ಏನಾರ ಬದಲಿ ಮಾಡಿದ್ರೇನು ಅಂತ ನಾನು ಕೇಳಿದಾಗ ತಂದೆ ಗೋಡೆಗೆ ಆತುಕೊಂಡುಬಿಟ್ಟರು. ಆವತ್ತು ಮಧ್ಯಾಹ್ನವೇ ಹೊಸದು ಹಾಕಿ ಹಳೆಯದನ್ನು ಮಗುವಿನ ಅಜ್ಜನ ಕೈಗೆ ಕೊಟ್ಟಿದ್ದರಂತೆ. ಆ ಹಿರಿಯರು ಚಿಲ್ಲರೆ ಜೊತೆ ಕಿಸೆಗೆ ಹಾಕಿಕೊಂಡಿದ್ದರು.

ರಾತ್ರಿಯೇ ಎಂಡೋಸ್ಕೋಪಿ ಮಾಡಿ ತೆಗೆದರು. ಮುಂದಿನ ಗೋಡೆ ಕರ್ರಗಾಗಿತ್ತು. ಸೆಲ್ ಹೊರಗೆ ಬಂದ ಮೇಲೂ ಸುಟ್ಟ ಜಾಗ ದಿನಗಟ್ಟಲೆ ಬೇಯುತ್ತಲೇ ಇರುತ್ತದೆ, ತೂತು ಆಮೇಲೆ ಬೀಳುವುದೂ ಉಂಟು. ಹಾಗಾಗಿ ಮೂರು ವಾರ ಮೂಗಿನ ನಳಿಕೆಯಿಂದಲೇ ಹಾಲು. ಹುಡುಗ ಉಳಿದ. ನಮ್ಮ ಬಾಗಿಲಿಗೆ ಬರುವಷ್ಟರಲ್ಲೇ ಐದೂವರೆ ತಾಸು ಹೋಗಿತ್ತು, ಅದರಲ್ಲಿ ಮೂರೂವರೆ ತಾಸು ಆ ಮೊದಲ ಫಿಲ್ಮ್ ಆದ ಮೇಲೆ ಹೋಗಿದ್ದು.

ಈ ಗುರುತುಗಳು ಯಾವಾಗಲೂ ಕೈಹಿಡಿಯುತ್ತವೆ ಅಂತಲ್ಲ. ಮಗು ಅಳುತ್ತಾ ಹೊರಳಿ ಬಿಲ್ಲೆ ಓರೆಯಾಗಿ ಬಿದ್ದರೆ ಮೆಟ್ಟಿಲು ಕಾಣದು. ತೆಳು ಸೆಲ್‌ನಲ್ಲಿ ಮೆಟ್ಟಿಲು ಅಷ್ಟಕ್ಕಷ್ಟೆ. ಇನ್ನೊಂದು ಕಡೆ, ದೊಡ್ಡದು ಸಣ್ಣದು ಎರಡು ನಾಣ್ಯ ಒಂದರ ಮೇಲೊಂದು ಕೂತರೆ ಎರಡು ಸುತ್ತೂ ಮೆಟ್ಟಿಲೂ ಕಾಣಿಸಿ ಮೋಸ ಮಾಡಬಹುದು. ಎರಡು ಲೋಹ ಸೇರಿಸಿ ಮಾಡಿದ ಹತ್ತು ರೂಪಾಯಿಯಲ್ಲೂ ಒಳಸುತ್ತು ಕಾಣಬಹುದು, ಆದರೆ ಅದು 27 ಮಿಲಿಮೀಟರ್. ಅನುಮಾನ ಇದ್ದರೆ ಸೆಲ್ ಅಂತಲೇ ಹಿಡಿದು ಓಡಬೇಕು. ತೆಗೆದ ಮೇಲೆ ನಾಣ್ಯ ಅಂತ ಗೊತ್ತಾದರೆ ಯಾರಿಗೂ ನಷ್ಟ ಇಲ್ಲ.

ನನ್ನ ಜೊತೆಯ ಟೆಕ್ನಿಷಿಯನ್‌ಗಳಿಗೆ ಕೇಳುವುದಿಷ್ಟು. ಡಾಕ್ಟರು ಒಂದೇ ಫಿಲ್ಮ್ ಬರೆದಿದ್ದರೂ ಫೋನ್ ಮಾಡಿ ಮಗ್ಗುಲಿನದಕ್ಕೆ ಒಪ್ಪಿಗೆ ತಗೊಳ್ಳಿ. ಪ್ರಿಂಟ್ ಹಾಕುವಾಗ ಬಿಲ್ಲೆಯನ್ನು ದೊಡ್ಡದು ಮಾಡಿದ ಒಂದು ಚೌಕಟ್ಟು ಸೇರಿಸಿ. ಚೀಟಿಯಲ್ಲಿ ‘ಗುಂಡನೆಯ ಲೋಹದ ವಸ್ತು’ ಅಂತ ಬರೆಯಿರಿ, ಅಂಚು ನೋಡಿದ ಮೇಲೆ ಹೆಸರಿಡೋಣ.

ಮನೆಯವರಿಗೆ: ವಾಂತಿ ಮಾಡಿಸಬೇಡಿ, ಬಾಳೆಹಣ್ಣು, ಇಡ್ಲಿ ತುರುಕಬೇಡಿ. ಸೆಲ್ ಅಂತ ಅನುಮಾನ ಇದ್ದು, ಮಗುವಿಗೆ ವರ್ಷ ತುಂಬಿದ್ದು, ನುಂಗಿ 12 ತಾಸಿನೊಳಗಿದ್ದು, ನುಂಗಲು ಆಗುತ್ತಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಕ್ಷಾರದ ಏಟು ಸ್ವಲ್ಪ ತಗ್ಗುತ್ತದೆ. ವರ್ಷದೊಳಗಿನ ಕೂಸಿಗೆ ಜೇನು ಬೇಡವೇ ಬೇಡ. ಮನೆಯಲ್ಲಿ ಜೇನು ಇಲ್ಲದಿದ್ದರೆ ಅಂಗಡಿ ಹುಡುಕುತ್ತಾ ನಿಲ್ಲಬೇಡಿ, ಗಾಡಿ ಹತ್ತಿ. ಅಂಥದ್ದೇ ಇನ್ನೊಂದು ಸೆಲ್ಲೋ ರಿಮೋಟೋ ಕೈಗೆ ಸಿಕ್ಕರೆ ಕಿಸೆಗೆ ಹಾಕಿಕೊಂಡು ಬನ್ನಿ. ಯಾವ ಸೆಲ್, ಎಷ್ಟು ದೊಡ್ಡದು ಅಂತ ಡಾಕ್ಟರು ಕೇಳಿದಾಗ ಅದನ್ನು ತೋರಿಸಿದರೆ ಸಾಕು.